ಹಸಿರು ಉಂಗುರ ಯಾರ ಕಣ್ಣಿಗೆ ಬೀಳಬೇಕು?

ಕೆಲಸದಲ್ಲಿದ್ದುಕೊಂಡೇ ಬೇರೆ ಕೆಲಸ ಹುಡುಕುವವರಿಗೆ ಇರುವ ಹೆದರಿಕೆ ಒಂದೇ: ಸುದ್ದಿ ಮ್ಯಾನೇಜರ್ ಕಿವಿಗೆ ಬಿದ್ದರೆ ಏನು ಗತಿ? ಬೆಂಗಳೂರಿನ ಐಟಿ ಕಂಪನಿಗಳ ಊಟದ ಹೊತ್ತಿನ ಮಾತುಕತೆಯಲ್ಲಿ ಈ ಹೆದರಿಕೆ ಈಗ ಒಂದು ಬಟನ್ನಿನ ಸುತ್ತ ಸುತ್ತುತ್ತದೆ. ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿರುವ ‘ಓಪನ್ ಟು ವರ್ಕ್’ ಒತ್ತಬೇಕೇ, ಬೇಡವೇ? ಒತ್ತಿದರೆ ಕರೆಗಳು ಹೆಚ್ಚುತ್ತವೆ ಎನ್ನುವವರಿದ್ದಾರೆ. ಒತ್ತಿದರೆ ಬೆಲೆ ಇಳಿಯುತ್ತದೆ ಎನ್ನುವವರೂ ಇದ್ದಾರೆ. ಇಬ್ಬರೂ ಹೆಚ್ಚಾಗಿ ಎರಡು ಬೇರೆ ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿರುತ್ತಾರೆ.

ಆ ಒಂದು ಹೆಸರಿನಡಿ ಇರುವುದು ಎರಡು ಸೌಲಭ್ಯ. ಮೊದಲನೆಯದು 2016ರಲ್ಲಿ ಬಂತು. ಅದು ಗುಟ್ಟಾದದ್ದು. ಪ್ರೊಫೈಲ್ ಫೋಟೊ ಹಾಗೇ ಇರುತ್ತದೆ, ಸಹೋದ್ಯೋಗಿಗಳಿಗೆ ಏನೂ ಕಾಣುವುದಿಲ್ಲ. ಕಂಪನಿಗಳು ಹಣ ಕೊಟ್ಟು ಪಡೆಯುವ ‘ಲಿಂಕ್ಡ್‌ಇನ್ ರಿಕ್ರೂಟರ್’ ಎಂಬ ಪ್ರತ್ಯೇಕ ಸಾಫ್ಟ್‌ವೇರ್ ಬಳಸುವವರಿಗೆ ಮಾತ್ರ ಗುರುತು ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇದರ ಹೆಸರು “Recruiters only”. ಎರಡನೆಯದು 2020ರಲ್ಲಿ, ಕೋವಿಡ್‌ನಿಂದ ಜಗತ್ತಿನಾದ್ಯಂತ ಕೆಲಸಗಳು ಹೋಗುತ್ತಿದ್ದಾಗ ಬಂತು. ಫೋಟೊದ ಸುತ್ತ ಹಸಿರು ಪಟ್ಟಿ ಬಿದ್ದು, ಪ್ರೊಫೈಲ್ ನೋಡಿದ ಪ್ರತಿಯೊಬ್ಬರಿಗೂ ವಿಷಯ ತಿಳಿಯುತ್ತದೆ. ಇದರ ಹೆಸರು “All LinkedIn members”.

ವಾದವೆಲ್ಲ ಎದ್ದಿರುವುದು ಎರಡನೆಯದರ ಮೇಲೆ. ಹಿಂದೆ ಗೂಗಲ್‌ನಲ್ಲಿ ನೇಮಕಾತಿ ಮಾಡುತ್ತಿದ್ದ ನೋಲನ್ ಚರ್ಚ್, ಹಸಿರು ಪಟ್ಟಿ ಹಾಕಿಕೊಂಡವರು ಹತಾಶರಂತೆ ಕಾಣುತ್ತಾರೆ ಎಂಬರ್ಥದ ಮಾತನ್ನು 2023ರಲ್ಲಿ ಸಿಎನ್‌ಬಿಸಿಗೆ ಹೇಳಿದಾಗ ಬಿಸಿ ಚರ್ಚೆಯೇ ನಡೆಯಿತು. ಕೆಲಸ ಕಳೆದುಕೊಂಡವರು ಅದನ್ನು ಹೇಳಿಕೊಳ್ಳುವುದರಲ್ಲಿ ತಪ್ಪೇನು ಎಂದು ಅದೇ ವೃತ್ತಿಯ ಅನೇಕರು ತಿರುಗಿ ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಂಬಳ ಬರುತ್ತಿರುವಾಗಲೇ ಬೇರೆಡೆ ನೋಡುತ್ತಿರುವವರಿಗೆ ಈ ಜಗಳದಿಂದ ಹೆಚ್ಚು ಉಪಯೋಗವಿಲ್ಲ. ಅವರ ಹಸಿರು ಪಟ್ಟಿಯನ್ನು ಮೊದಲು ನೋಡುವುದು ಹೊರಗಿನ ರಿಕ್ರೂಟರ್ ಅಲ್ಲ, ಪಕ್ಕದ ಡೆಸ್ಕಿನವರು. ಅವರು ನಿರ್ಧರಿಸಬೇಕಾದದ್ದು ಗುಟ್ಟಿನ ಗುರುತಿನ ಬಗ್ಗೆ.

ಅದು ಕೆಲಸ ಮಾಡುವುದು ಹೇಗೆಂದು ತಿಳಿಯಲು ಮೇಜಿನ ಆಚೆ ಬದಿಗೆ ಹೋಗಬೇಕು. ರಿಕ್ರೂಟರ್ ಒಬ್ಬರು ಹುದ್ದೆಯ ಹೆಸರು, ಊರು, ಕೌಶಲ, ಅನುಭವದ ವರ್ಷಗಳನ್ನು ಕೊಟ್ಟು ಹುಡುಕಿದಾಗ ನೂರಾರು, ಕೆಲವೊಮ್ಮೆ ಸಾವಿರಾರು ಹೆಸರುಗಳು ಬರುತ್ತವೆ. ಪರಿಚಯವಿಲ್ಲದವರಿಗೆ ಅವರು ಕಳಿಸುವ ಇನ್‌ಮೇಲ್ ಸಂದೇಶಗಳಿಗೆ ತಿಂಗಳಿಗೆ ಇಷ್ಟೇ ಎಂಬ ಮಿತಿಯಿದೆ. ಕಳಿಸಿದ ಸಂದೇಶಕ್ಕೆ 90 ದಿನಗಳೊಳಗೆ ಉತ್ತರ ಬಂದರೆ, ಅದು ‘ಬೇಡ’ ಎಂಬ ಉತ್ತರವಾದರೂ, ಖರ್ಚಾದ ಲೆಕ್ಕ ವಾಪಸ್ ಬರುತ್ತದೆ. ಉತ್ತರವೇ ಬರದಿದ್ದರೆ ಹೋಯಿತು. ಹಾಗಾಗಿ ಅತ್ಯುತ್ತಮ ಅಭ್ಯರ್ಥಿ ಯಾರು ಎಂಬುದಕ್ಕಿಂತ ಮೊದಲು, ಉತ್ತರ ಕೊಡುವವರು ಯಾರು ಎಂದು ಅವರು ನೋಡುತ್ತಾರೆ. ‘ಓಪನ್ ಟು ವರ್ಕ್’ ಇರುವವರನ್ನಷ್ಟೇ ತೋರಿಸುವ ಸೋಸುವಿಕೆ ಆ ಸಾಫ್ಟ್‌ವೇರಿನಲ್ಲೇ ಇದೆ. ಗುಟ್ಟಿನ ಗುರುತಿನ ಲಾಭ ಇಷ್ಟೇ: ಅದು ಯಾರ ಯೋಗ್ಯತೆಯನ್ನೂ ಹೆಚ್ಚಿಸುವುದಿಲ್ಲ, ಪಟ್ಟಿಯ ತಳದಲ್ಲಿದ್ದ ಹೆಸರನ್ನು ಮೇಲಕ್ಕೆ ತರುತ್ತದೆ.

ಹೆಸರುಗಳು ತುಂಬಾ ಇರುವ ಕಡೆಯೇ ಈ ಲಾಭ ಹೆಚ್ಚು ಎಂಬುದೂ ಇದರಿಂದ ತಿಳಿಯುತ್ತದೆ. ಮೂರರಿಂದ ಹತ್ತು ವರ್ಷ ಅನುಭವದ ಜಾವಾ ಡೆವಲಪರ್, ಟೆಸ್ಟಿಂಗ್ ಎಂಜಿನಿಯರ್, ಡೇಟಾ ಅನಲಿಸ್ಟ್‌ಗಳಿಗೆ ಅದು ನಿಜಕ್ಕೂ ನೆರವಾಗುತ್ತದೆ. ವೈಸ್ ಪ್ರೆಸಿಡೆಂಟ್ ಮಟ್ಟದ ಹುದ್ದೆಗೆ ಇಡೀ ಊರಿನಲ್ಲಿ ಇಪ್ಪತ್ತೇ ಜನ ಸಿಗುವಾಗ, ಅವರೆಲ್ಲರಿಗೂ ನೇರವಾಗಿ ಫೋನೇ ಹೋಗುತ್ತದೆ. ಅಲ್ಲಿ ಗುರುತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನು ಅಪಾಯದ ಮಾತು. ತಾವು ಕೆಲಸ ಮಾಡುವ ಕಂಪನಿಯ ಮತ್ತು ಅದಕ್ಕೆ ಸೇರಿದ ಕಂಪನಿಗಳ ರಿಕ್ರೂಟರ್‌ಗಳಿಗೆ ಗುರುತು ಕಾಣದಂತೆ ಮಾಡುತ್ತೇವೆ ಎನ್ನುತ್ತದೆ ಲಿಂಕ್ಡ್‌ಇನ್. ಅದೇ ಉಸಿರಿನಲ್ಲಿ, ಪೂರ್ತಿ ಗುಟ್ಟು ಉಳಿಯುತ್ತದೆಂಬ ಖಾತರಿ ಕೊಡಲಾರೆವು ಎಂದೂ ಬರೆದಿದೆ. ಸೋರುವುದು ಎಲ್ಲಿ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು.

ಆರು ವರ್ಷ ಅನುಭವದ ಟೆಸ್ಟಿಂಗ್ ಎಂಜಿನಿಯರ್ ಒಬ್ಬಳಿದ್ದಾಳೆ ಎಂದುಕೊಳ್ಳೋಣ. ಸಂಬಳ ಕೊಡುವುದು ಬೆಂಗಳೂರಿನ ಒಂದು ಸರ್ವಿಸ್ ಕಂಪನಿ, ದಿನವೂ ಕೂರುವುದು ಹೊರವರ್ತುಲ ರಸ್ತೆಯಲ್ಲಿರುವ ವಿದೇಶಿ ಬ್ಯಾಂಕೊಂದರ ಕಚೇರಿಯಲ್ಲಿ. ನೋಟಿಸ್ ಪೀರಿಯಡ್ 90 ದಿನ. ಆಟೊಮೇಷನ್ ಟೆಸ್ಟಿಂಗ್‌ನ ಒಳ್ಳೆ ಹುದ್ದೆಗೆ ಹೋಗಬೇಕೆಂಬ ಆಸೆ.

ಅವಳು ಮೊದಲು ನೋಡಬೇಕಾದದ್ದು ಪ್ರೊಫೈಲಿನ ಅನುಭವದ ಭಾಗದಲ್ಲಿ ಕಂಪನಿಯ ಹೆಸರಿನ ಪಕ್ಕ ಲೋಗೊ ಇದೆಯೇ ಎಂದು. ಲೋಗೊ ಇದ್ದರೆ ಅವಳ ಪ್ರೊಫೈಲ್ ಕಂಪನಿಯ ಅಧಿಕೃತ ಪುಟಕ್ಕೆ ಕೂಡಿಕೊಂಡಿದೆ ಎಂದರ್ಥ. ಬರೀ ಬೂದು ಬಣ್ಣದ ಚೌಕವಿದ್ದರೆ ಹೆಸರನ್ನು ಕೈಯಿಂದ ಟೈಪ್ ಮಾಡಿ ಬಿಟ್ಟಿದ್ದಾಳೆ, ಕೊಂಡಿ ಕೂಡಿಲ್ಲ. ಆಗ ಅವಳ ಮಾಲೀಕರು ಯಾರೆಂಬುದೇ ಲಿಂಕ್ಡ್‌ಇನ್‌ಗೆ ಗೊತ್ತಿರುವುದಿಲ್ಲ. ಯಾರಿಂದ ಮರೆಮಾಡಬೇಕೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಹಳೆಯ ಕಂಪನಿಯನ್ನೇ ‘ಈಗಿನ ಕೆಲಸ’ ಎಂದು ಉಳಿಸಿಕೊಂಡವರಿಗೂ ಇದೇ ತೊಂದರೆ. ಕಂಪನಿ ಬೇರೊಂದರ ಕೈಗೆ ಹೋಗಿ ಹೆಸರು ಬದಲಾಗಿದ್ದರೆ ಇನ್ನೂ ಎಚ್ಚರ ಬೇಕು.

ಕೊಂಡಿ ಸರಿಯಿದೆ ಎಂದಿಟ್ಟುಕೊಂಡರೂ ಅವಳಿಗೆ ಎರಡು ಕಣ್ಣುಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಒಂದು, ಅವಳು ದಿನವೂ ಕೂರುವ ಆ ಬ್ಯಾಂಕಿನ ರಿಕ್ರೂಟರ್‌ಗಳದ್ದು. ಲಿಂಕ್ಡ್‌ಇನ್ ಪಾಲಿಗೆ ಆ ಬ್ಯಾಂಕ್ ಹೊರಗಿನ ಕಂಪನಿ, ಹಾಗಾಗಿ ಅವರಿಗೆ ಗುರುತು ಕಾಣುತ್ತದೆ. ಅವರು ತಮ್ಮ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಒಂದು ಮಾತು ಹೇಳಿ, ಅದು ಸರ್ವಿಸ್ ಕಂಪನಿಯ ಡೆಲಿವರಿ ಮ್ಯಾನೇಜರ್ ತನಕ ಹೋಗಲು ಒಂದು ಮೀಟಿಂಗ್ ಸಾಕು. ಇನ್ನೊಂದು, ಅವಳ ಸ್ವಂತ ಕಂಪನಿಗೇ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಗಳದ್ದು. ಅವರ ಖಾತೆ ಕನ್ಸಲ್ಟೆನ್ಸಿಯ ಹೆಸರಿನಲ್ಲಿರುತ್ತದೆ, ತಡೆ ಅವರಿಗೆ ಅನ್ವಯಿಸುವುದಿಲ್ಲ. ಕ್ಲೈಂಟ್ ಕಚೇರಿಗಳಲ್ಲಿ ಕೂತು ದುಡಿಯುವ ಸಾವಿರಾರು ಜನರಿರುವ ಬೆಂಗಳೂರಿನಲ್ಲಿ ಇವೆರಡೂ ನಿತ್ಯದ ಸಾಧ್ಯತೆಗಳು.

ಅಂದಮಾತ್ರಕ್ಕೆ ಆ ಗುರುತು ಬೇಡವೆನ್ನಬೇಕೇ? ಸುದ್ದಿ ಸೋರಿದರೆ ಆಗುವ ನಷ್ಟವೇನೆಂದು ತೂಗಿ ನೋಡಬೇಕು. ಅಪ್ರೈಸಲ್ ಮುಂದಿನ ತಿಂಗಳಿದ್ದರೆ, ಆನ್‌ಸೈಟ್ ಅವಕಾಶದ ಪಟ್ಟಿಯಲ್ಲಿ ಹೆಸರಿದ್ದರೆ, ಬ್ಯಾಂಕಿನ ಪ್ರಾಜೆಕ್ಟಿನಿಂದ ತೆಗೆದು ಬೆಂಚಿಗೆ ಕಳಿಸುವ ಭಯವಿದ್ದರೆ ಕೆಲವು ವಾರ ತಡೆಯುವುದೇ ಒಳಿತು. ಅಂಥದ್ದೇನೂ ಇಲ್ಲದವಳು ಗುಟ್ಟಿನ ಗುರುತನ್ನು ಹಾಕಬಹುದು. ಸಿಗುವ ಕರೆಗಳ ಎದುರು ಆ ಅಪಾಯ ಸಣ್ಣದು.

ಹಾಕಿದ ಮೇಲೂ ಕರೆ ಬರಲಿಲ್ಲವೆಂದು ಬೇಸರಪಡುವವರು ಬಹಳ. ಹೆಚ್ಚಿನ ಸಲ ಕಾರಣ ಹುದ್ದೆಯ ಹೆಸರಿನಲ್ಲಿರುತ್ತದೆ. ಯಾವ ಕೆಲಸ ಬೇಕೆಂದು ತಿಳಿಸಲು ಐದು ಹೆಸರುಗಳವರೆಗೆ ಜಾಗವಿದೆ. ಅಲ್ಲಿ ಅನೇಕರು ತಮ್ಮ ಕಂಪನಿ ಕೊಟ್ಟ ಪದನಾಮವನ್ನೇ ತುಂಬುತ್ತಾರೆ: ಸೀನಿಯರ್ ಅಸೋಸಿಯೇಟ್, ಟೆಕ್ನಾಲಜಿ ಅನಲಿಸ್ಟ್ ಎಂಬಂಥವು. ಒಂದು ಕಂಪನಿಯ ಒಳಗೆ ಅರ್ಥವಿರುವ ಈ ಹೆಸರುಗಳಿಂದ ಹೊರಗೆ ಯಾರೂ ಟೆಸ್ಟಿಂಗ್ ಎಂಜಿನಿಯರ್‌ನನ್ನು ಹುಡುಕುವುದಿಲ್ಲ. ನಮ್ಮ ಉದಾಹರಣೆಯ ಎಂಜಿನಿಯರ್ ‘ಆಟೊಮೇಷನ್ ಟೆಸ್ಟ್ ಎಂಜಿನಿಯರ್’, ‘ಎಸ್‌ಡಿಇಟಿ’, ‘ಕ್ಯೂಎ ಎಂಜಿನಿಯರ್’ ಎಂದು, ಉದ್ಯೋಗ ಜಾಹೀರಾತುಗಳಲ್ಲಿ ಇರುವ ಹೆಸರುಗಳನ್ನೇ ಕೊಡಬೇಕು. ಜೊತೆಗೆ, ಪ್ರೊಫೈಲಿನಲ್ಲಿ ದೊಡ್ಡ ಬದಲಾವಣೆ ಮಾಡುವ ಮುನ್ನ ಅದನ್ನು ಸಂಪರ್ಕದಲ್ಲಿರುವವರಿಗೆ ತಿಳಿಸುವ ಸೆಟ್ಟಿಂಗನ್ನು ಆರಿಸಿಬಿಡಬೇಕು. ಎಷ್ಟೋ ಸಲ ಗುಟ್ಟು ರಟ್ಟಾಗುವುದು ‘ಓಪನ್ ಟು ವರ್ಕ್’ನಿಂದಲ್ಲ, ಒಂದೇ ಸಂಜೆ ಇಡೀ ಪ್ರೊಫೈಲ್ ಹೊಸದಾಗಿದ್ದನ್ನು ಕಂಡ ಸಹೋದ್ಯೋಗಿಯಿಂದ.

ಕರೆ ಬಂದ ಮೇಲೆ ರಿಕ್ರೂಟರ್ ಕೇಳುವ ಮೊದಲ ಮೂರು ಪ್ರಶ್ನೆಗಳು ಬೆಂಗಳೂರಿನಲ್ಲಿ ಯಾರಿಗೂ ಹೊಸದಲ್ಲ: ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು. ‘90 ದಿನ’ ಎಂದೊಡನೆ ಅರ್ಧ ಕರೆಗಳು ಮುಗಿಯುತ್ತವೆ. ನೌಕ್ರಿ ಡಾಟ್ ಕಾಮ್‌ನಲ್ಲಂತೂ ನೋಟಿಸ್ ಅವಧಿಯಿಂದಲೇ ಅಭ್ಯರ್ಥಿಗಳನ್ನು ಸೋಸಬಹುದು, ‘ನೋಟಿಸ್‌ನಲ್ಲಿದ್ದಾರೆ’ ಎಂಬ ಗುರುತೂ ಅಲ್ಲುಂಟು. ಇಲ್ಲಿ ಹಸಿರು ಪಟ್ಟಿಯ ಲೆಕ್ಕ ತಲೆಕೆಳಗಾಗುತ್ತದೆ. ರಾಜೀನಾಮೆ ಕೊಟ್ಟು ಅದು ಒಪ್ಪಿತವಾದ ದಿನದಿಂದ ಕಂಪನಿಯಿಂದ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಕೊನೆಯ ಕೆಲಸದ ದಿನ ಇಂಥದ್ದು ಎಂದು ಬಹಿರಂಗವಾಗಿ ಬರೆದುಕೊಂಡವರು, ತುರ್ತಾಗಿ ಜನ ಬೇಕಾದ ಕಂಪನಿಗೆ ಬಹಳ ಬೆಲೆಯುಳ್ಳವರು. ಹಸಿರು ಪಟ್ಟಿ ಕೆಲಸದಲ್ಲಿರುವವರಿಗೆ ಒಳ್ಳೆಯದು ಮಾಡುವ ಕಾಲ ಯಾವುದಾದರೂ ಇದ್ದರೆ ಅದು ನೋಟಿಸ್‌ನ ಆ ಮೂರು ತಿಂಗಳು. ಆದರೆ ಕೈಯಲ್ಲಿ ಆಫರ್ ಇಲ್ಲದೆ ರಾಜೀನಾಮೆ ಕೊಡುವ ಧೈರ್ಯ ಮನೆಯ ಸಾಲ ತೀರಿಸುತ್ತಿರುವವರಿಗೆ ಸುಲಭವಲ್ಲ. ಈ ದೀರ್ಘ ನೋಟಿಸ್ ಪೀರಿಯಡ್ ಉದ್ಯೋಗಿಗಳ ಕೈ ಕಟ್ಟಿಹಾಕುವ ಬಗೆ ಇದು.

ಹಸಿರು ಪಟ್ಟಿಯ ಜೊತೆಗೆ ಮೋಸಗಾರರೂ ಬರುತ್ತಾರೆ. ಕೆಲಸ ಬೇಕಾದವರು ಯಾರೆಂದು ಎಲ್ಲರಿಗೂ ಕಾಣುವುದರಿಂದ ಅವರಿಗೆ ಬಲೆ ಬೀಸುವುದು ಸುಲಭ. ಇಂಟರ್‌ವ್ಯೂಗೆ ಮೊದಲು ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಯಾರು ಹಣ ಕೇಳಿದರೂ ಮಾತು ಅಲ್ಲಿಗೇ ನಿಲ್ಲಿಸಬೇಕು.

ಎಲ್ಲ ಸರಿಹೋಗಿ ಆಫರ್ ಲೆಟರ್ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಆಫರ್ ಒಪ್ಪಿ, ಹಳೆಯ ಕಂಪನಿಯಲ್ಲಿ ನೋಟಿಸ್ ಮುಗಿಸುತ್ತಿರುವ ಅವಧಿಯಲ್ಲಿ ಪ್ರೊಫೈಲಿನಲ್ಲಿರುವುದು ಹಳೆಯ ಕಂಪನಿಯ ಹೆಸರೇ. ಲಿಂಕ್ಡ್‌ಇನ್ ಗುರುತನ್ನು ಮರೆಮಾಡುವುದು ಆ ಹಳೆಯ ಕಂಪನಿಯವರಿಂದ. ಮುಂದೆ ಸೇರಬೇಕಾದ ಕಂಪನಿಯ ಎಚ್‌ಆರ್‌ಗೆ ಅದು ಚೆನ್ನಾಗಿ ಕಾಣುತ್ತಿರುತ್ತದೆ. ಆಫರ್ ಒಪ್ಪಿ ಕೊನೆಗಳಿಗೆಯಲ್ಲಿ ಬಾರದವರಿಂದ ಬೇಸತ್ತಿರುವ ಅವರು, ಇನ್ನೂ ‘ಓಪನ್ ಟು ವರ್ಕ್’ ಇರುವ ಹೆಸರನ್ನು ಕಂಡರೆ ಅದೇ ಹುದ್ದೆಗೆ ಇನ್ನೊಬ್ಬರನ್ನು ಸದ್ದಿಲ್ಲದೆ ಹುಡುಕತೊಡಗಬಹುದು. ಸೇರುವ ತೀರ್ಮಾನ ಗಟ್ಟಿಯಾಗಿದ್ದರೆ, ಒಪ್ಪಿಗೆಯ ಇಮೇಲ್ ಕಳಿಸಿದ ದಿನವೇ ಆ ಗುರುತನ್ನು ತೆಗೆಯಬೇಕು.