ವೀಸಾಕ್ಕಾಗಿ ಹೋಟೆಲ್ ಕೊಡುವ ಪತ್ರ

ವ್ಯವಹಾರಕ್ಕಾಗಿ ಬರುವ ವಿದೇಶಿ ಅತಿಥಿಗೆ ಹೋಟೆಲ್ ಕೊಡುವ ಆಹ್ವಾನಪತ್ರ ಒಂದೇ ಮಾತಿಗೆ ಸಾಕ್ಷಿ: ಇಂಥವರು ಇಂಥ ದಿನಗಳಲ್ಲಿ ನಮ್ಮಲ್ಲಿ ಉಳಿಯುತ್ತಾರೆ. ಜರ್ಮನಿ ಸೇರಿದಂತೆ ಷೆಂಗೆನ್ ದೇಶಗಳ ವೀಸಾ ನಿಯಮದಲ್ಲಿ ಪ್ರಯಾಣದ ಉದ್ದೇಶಕ್ಕೂ ವಾಸ್ತವ್ಯಕ್ಕೂ ಬೇರೆ ಬೇರೆ ದಾಖಲೆ ಬೇಕು. ಉದ್ದೇಶವನ್ನು ಹೇಳಬೇಕಾದದ್ದು ಕರೆಸಿಕೊಳ್ಳುವ ಕಂಪನಿ ಅಥವಾ ಮೇಳದ ಆಯೋಜಕರು. ಹೋಟೆಲ್ ಪತ್ರ ಎಷ್ಟೇ ಚೆನ್ನಾಗಿದ್ದರೂ ಆ ಜಾಗ ತುಂಬಲಾರದು.

ಪೀಣ್ಯದ ಯಂತ್ರಭಾಗಗಳ ತಯಾರಕರೊಬ್ಬರು ಹ್ಯಾನೋವರ್‌ನ ಕೈಗಾರಿಕಾ ಮೇಳಕ್ಕೆ ಹೊರಟಿದ್ದಾರೆ ಎಂದುಕೊಳ್ಳೋಣ. ಅಲ್ಲಿನ ಹೋಟೆಲ್ ತನ್ನ ವಿಳಾಸ, ಫೋನ್, ಇಮೇಲ್ ಇರುವ ಲೆಟರ್‌ಹೆಡ್‌ನಲ್ಲಿ, ದಿನಾಂಕ ಹಾಕಿ, ದೂತಾವಾಸದ ವೀಸಾ ವಿಭಾಗವನ್ನು ಉದ್ದೇಶಿಸಿ ಬರೆಯುತ್ತದೆ. ಅತಿಥಿಯ ಹೆಸರು, ಜನ್ಮದಿನಾಂಕ, ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ, ಬುಕಿಂಗ್ ಸಂಖ್ಯೆ, ಬರುವ ಮತ್ತು ಹೊರಡುವ ದಿನ, ಕೋಣೆಯ ಬಾಡಿಗೆ, ಅದನ್ನು ಯಾರು ಕಟ್ಟುತ್ತಾರೆ ಎಂಬ ವಿವರ, ಕೊನೆಗೆ ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಇದ್ದರೆ ಪತ್ರ ಪೂರ್ಣ.

ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ವಿಸಿಟಿಂಗ್ ಕಾರ್ಡಿನಲ್ಲಿ ‘ಕೆ.’ ಎಂಬ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಊರಿನ ಅಥವಾ ತಂದೆಯ ಪೂರ್ತಿ ಹೆಸರಾಗಿ ಬಂದಿರುತ್ತದೆ. ಬುಕ್ ಮಾಡುವಾಗಲೇ ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರ ಬಿಡದೆ ಬರೆಸಬೇಕು.

ಎರಡನೆಯದು ರಾತ್ರಿಗಳ ಲೆಕ್ಕ. ಈ ಅತಿಥಿ ಸೆಪ್ಟೆಂಬರ್ 14ರ ಬೆಳಿಗ್ಗೆ ಇಳಿದು 20ರ ಮಧ್ಯಾಹ್ನ ವಿಮಾನ ಹತ್ತುತ್ತಾರೆ. ಅಂದರೆ 6 ರಾತ್ರಿ. ಮೇಳ 19ಕ್ಕೆ ಮುಗಿಯುತ್ತದೆಂದು ಹೋಟೆಲ್ ಅಂದೇ ಚೆಕ್‌ಔಟ್ ಬರೆದರೆ ಒಂದು ರಾತ್ರಿಗೆ ನೆಲೆಯೇ ಇಲ್ಲದಂತಾಗುತ್ತದೆ. ಪತ್ರ, ಟಿಕೆಟ್, ಅರ್ಜಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಈ ಬಿರುಕು ಕಣ್ಣಿಗೆ ಬೀಳುತ್ತದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣವಿಮೆಯೂ ಅದೇ ದಿನಗಳನ್ನು ಒಳಗೊಂಡಿರಬೇಕು.

ಅತಿಥಿಯ ಎಲ್ಲ ಖರ್ಚಿಗೂ ತಾನೇ ಹೊಣೆ ಎಂದು ಹೋಟೆಲ್ ಬರೆಯುವುದು ಸಲ್ಲದು. ಜರ್ಮನಿಯಲ್ಲಿ ಹಾಗೆ ಹೊಣೆ ಹೊರಲು ವಿದೇಶಿಯರ ಕಚೇರಿಯಲ್ಲಿ ಪ್ರತ್ಯೇಕವಾಗಿ ಮಾಡಿಕೊಡುವ ಮುಚ್ಚಳಿಕೆಯಿದೆ. ಹೋಟೆಲಿನ ಸಾಲೊಂದು ಅದಕ್ಕೆ ಸಮನಲ್ಲ. ಬಾಡಿಗೆ ಮುಂಗಡ ಬಂದಿದ್ದರೆ ಬಂದಿದೆ ಎಂದು, ಇಲ್ಲದಿದ್ದರೆ ಅತಿಥಿಯ ಕಂಪನಿ ಕಟ್ಟುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಬರೆದರಾಯಿತು.

ಪತ್ರ ಕೈಸೇರಿದ ಮೇಲೆ ಬುಕಿಂಗ್ ರದ್ದು ಮಾಡುವ ಚಾಳಿ ಅಪಾಯಕಾರಿ. ವೀಸಾ ಅಧಿಕಾರಿ ಹೋಟೆಲಿಗೆ ಫೋನ್ ಮಾಡಿ ವಿಚಾರಿಸಬಹುದು; ಕೋಣೆ ಇಲ್ಲವೆಂಬ ಉತ್ತರ ಬಂದರೆ ಉಳಿದ ದಾಖಲೆಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ತಡವಾಗಿ ರದ್ದು ಮಾಡಿದರೂ ಹಣ ಮರಳುವ ದರದಲ್ಲಿ ಬುಕ್ ಮಾಡಿ, ತೀರ್ಮಾನ ಬರುವವರೆಗೆ ಅದನ್ನು ಉಳಿಸಿಕೊಳ್ಳಬೇಕು. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗುತ್ತದೆ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನಗಳವರೆಗೂ ಹೋಗಬಹುದು.