ತಪ್ಪು ಬಿಲ್ಲಿಗೆ ಸರಿಯಾದ ಪತ್ರ

2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ ಹಳೆಯ ದರವೇ ಉಳಿದುಬಿಟ್ಟಿದೆ ಎನ್ನಿ. ಮನೆ ಕಟ್ಟಿಸುತ್ತಿರುವ ಒಬ್ಬರು 27ರಂದು 40 ಮೂಟೆ ಒಯ್ದರು. ತೆರಿಗೆ ಬಿಟ್ಟು ಮೂಟೆಗೆ 300ರಂತೆ 12,000 ರೂಪಾಯಿ. ಬಿಲ್ಲು ಬಂದದ್ದು 15,360, ಬರಬೇಕಾಗಿದ್ದದ್ದು 14,160. ಅಂದೇ 10,000 ಕೊಟ್ಟು, ಮಿಕ್ಕದ್ದು ಆಮೇಲೆ ಎಂದು ಹೋಗಿದ್ದಾರೆ.

ತಪ್ಪು ಗೊತ್ತಾದ ಮೇಲೆ ಎಷ್ಟೋ ಕಡೆ ಒಂದೇ ಸಾಲಿನ ಸಂದೇಶ ಹೋಗುತ್ತದೆ: ‘ತಾಂತ್ರಿಕ ಕಾರಣದಿಂದ ವ್ಯತ್ಯಾಸವಾಗಿದೆ, ಪರಿಷ್ಕೃತ ಮೊತ್ತ 14,160.’ ಓದಿದವರಿಗೆ ಎದೆ ಧಸಕ್ಕೆನ್ನುತ್ತದೆ. ತಾನು ಕೊಟ್ಟ ಹತ್ತು ಸಾವಿರ ಲೆಕ್ಕಕ್ಕೇ ಬಂದಿಲ್ಲವೇ? ಬಿಲ್ಲಿನ ಒಟ್ಟು ಮೊತ್ತ ಬೇರೆ, ಈಗ ಕೊಡಬೇಕಾದ ಬಾಕಿ ಬೇರೆ. ಗಿರಾಕಿಗೆ ಮೊದಲು ಬೇಕಾದದ್ದು ಎರಡನೆಯದು. ಪತ್ರ ಹೀಗಿದ್ದರೆ ಗೊಂದಲಕ್ಕೆ ಎಡೆಯಿಲ್ಲ:

‘ಮಾನ್ಯರೇ, ಸೆಪ್ಟೆಂಬರ್ 27ರ ನಿಮ್ಮ ಬಿಲ್ಲಿನಲ್ಲಿ (ಸಂಖ್ಯೆ 412) ಸಿಮೆಂಟಿಗೆ ಶೇ. 18ರ ಬದಲು 28 ತೆರಿಗೆ ಹಾಕಿದ್ದೇವೆ. ಹೊಸ ದರವನ್ನು ಕಂಪ್ಯೂಟರಿಗೆ ಸೇರಿಸದೇ ಇದ್ದದ್ದು ನಮ್ಮ ತಪ್ಪು. ದಯವಿಟ್ಟು ಕ್ಷಮಿಸಿ. ಬಿಲ್ಲಿನ ಮೊತ್ತ 15,360 ಅಲ್ಲ, 14,160 ರೂ. ನೀವು ಕೊಟ್ಟಿರುವ 10,000 ಕಳೆದು, ಈಗ ಕೊಡಬೇಕಾದದ್ದು 4,160 ರೂ. ಮಾತ್ರ. 1,200 ರೂಪಾಯಿಯ ಕ್ರೆಡಿಟ್ ನೋಟ್ ಇದರೊಂದಿಗಿದೆ.’

ಆ ಕ್ರೆಡಿಟ್ ನೋಟ್ ಮುಖ್ಯ. ಹಳೆಯ ಬಿಲ್ಲು ಹರಿದು ಅದೇ ಸಂಖ್ಯೆಯಲ್ಲಿ ಇನ್ನೊಂದು ಬರೆದುಕೊಟ್ಟರೆ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಒಂದೇ ಸಂಖ್ಯೆಗೆ ಎರಡು ಮೊತ್ತವಾಗಿ ಲೆಕ್ಕ ಕೆಡುತ್ತದೆ. ತೆರಿಗೆ ಹೆಚ್ಚು ಹಾಕಿದಾಗ ಅದನ್ನು ಕ್ರೆಡಿಟ್ ನೋಟ್ ಕೊಟ್ಟು ತಗ್ಗಿಸಲು ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ದಾರಿ ಮಾಡಿಕೊಟ್ಟಿದೆ. ನೋಟಿಗೆ ತನ್ನದೇ ಸಂಖ್ಯೆ, ತಾರೀಕು ಇರಬೇಕು, ಮೂಲ ಬಿಲ್ಲಿನ ಸಂಖ್ಯೆ, ತಾರೀಕೂ ಇರಬೇಕು. ಕಮ್ಮಿ ಹಾಕಿದ್ದರೆ ಡೆಬಿಟ್ ನೋಟ್.

ಗಿರಾಕಿ ಪೂರ್ತಿ ಹಣ ಕೊಟ್ಟಾಗಿದ್ದರೆ ‘ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ’ ಎನ್ನುವುದು ನನಗೆ ಸರಿಕಾಣುವುದಿಲ್ಲ. ತಿಂಗಳು ತಿಂಗಳು ಬರುವ ಕಂಟ್ರಾಕ್ಟರಿಗೆ ಅದು ನಡೆದೀತು. ಮನೆಯ ಕೆಲಸ ಮುಗಿಸಿದವರು ಮತ್ತೆ ಸಿಮೆಂಟಿಗೆ ಯಾವಾಗ ಬರುತ್ತಾರೆ? 1,200 ರೂಪಾಯಿ ನಗದಾಗಿಯೋ ಯುಪಿಐ ಮೂಲಕವೋ, ಯಾವ ತಾರೀಕಿನೊಳಗೆ ಕೈಸೇರುತ್ತದೆ ಎಂದು ಪತ್ರದಲ್ಲೇ ಹೇಳಬೇಕು.

ದರದ ತಪ್ಪು ಒಬ್ಬರ ಬಿಲ್ಲಿಗೆ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ. 22ರಿಂದೀಚೆಗೆ ಸಿಮೆಂಟ್ ಒಯ್ದ ಎಲ್ಲರ ಬಿಲ್ಲಿನಲ್ಲೂ ಅದೇ 28 ಕೂತಿರುತ್ತದೆ. ಆ ಬಿಲ್ಲುಗಳನ್ನೆಲ್ಲ ತೆಗೆದು, ಕೇಳಿಕೊಂಡು ಬಾರದವರಿಗೂ ಇಂಥದೇ ಪತ್ರ ಕಳಿಸಬೇಕು.