ಒಂದೇ ಲೆಕ್ಕಕ್ಕೆ ಎರಡು ಖಾತೆ ಪುಸ್ತಕ

‘ನನ್ನ ಪ್ರೊಫೈಲ್ ಯಾರು ನೋಡಿದರು?’ ಲಿಂಕ್ಡ್‌ಇನ್ ಬಳಸುವವರಿಗೆ ಇದೊಂದು ತೀರದ ಕುತೂಹಲ. ಐದು ನಿಮಿಷದ ಹಿಂದೆ ಇಣುಕಿದವರೂ ಕಾಣಬೇಕು, ಹಳೆಯ ಲೆಕ್ಕವೂ ತಪ್ಪಬಾರದು.

ಇಂಥ ಬೇಡಿಕೆಗೆ 2011ರಲ್ಲಿ ನೇಥನ್ ಮಾರ್ಜ್ ಒಂದು ವಿನ್ಯಾಸ ಸೂಚಿಸಿದರು. ಅದೇ ಮುಂದೆ ಲ್ಯಾಂಬ್ಡಾ ಎನಿಸಿಕೊಂಡಿತು. ಅದರಲ್ಲಿ ದತ್ತಾಂಶಕ್ಕೆ ಎರಡು ದಾರಿ. ಒಂದು ಕಡೆ ಹಡೂಪ್ ಆಗಾಗ ಇಡೀ ಇತಿಹಾಸವನ್ನು ಮೊದಲಿನಿಂದ ಲೆಕ್ಕ ಹಾಕುತ್ತದೆ; ಇದು ಬ್ಯಾಚ್. ಇನ್ನೊಂದು ಕಡೆ ಸ್ಟಾರ್ಮ್‌ನಂಥ ತಂತ್ರಾಂಶ ಬಂದದ್ದನ್ನು ಬಂದಂತೆ ಎಣಿಸುತ್ತದೆ, ಇದು ಸ್ಟ್ರೀಮ್. ಉತ್ತರ ಕೊಡುವಾಗ ಎರಡನ್ನೂ ಕೂಡಿಸುತ್ತಾರೆ. ಆಗಿನ ಸ್ಟ್ರೀಮ್ ವ್ಯವಸ್ಥೆಗಳಲ್ಲಿ ಯಂತ್ರ ಕೈಕೊಟ್ಟರೆ ಒಂದೇ ಘಟನೆ ಎರಡು ಸಲ ಎಣಿಕೆಯಾಗುವ ಸಾಧ್ಯತೆ ಇತ್ತು. ಅದನ್ನು ತಿದ್ದುವ ಹೊಣೆ ಬ್ಯಾಚ್‌ನದು.

ತೊಡಕು ನಿಯಮ ಬದಲಾದಾಗ ಶುರುವಾಗುತ್ತದೆ. ಒಬ್ಬರೇ ಹತ್ತು ನಿಮಿಷದೊಳಗೆ ಮತ್ತೆ ನೋಡಿದರೆ ಒಂದೇ ಭೇಟಿ ಎಂದು ಎಣಿಸಬೇಕಿದೆ ಎನ್ನೋಣ. ಯಾರೋ 9:00ಕ್ಕೆ ನೋಡಿದರು, 9:08ಕ್ಕೆ ಮತ್ತೆ ನೋಡಿದರು. ಆದರೆ ಎರಡನೆಯ ಭೇಟಿಯ ಸುದ್ದಿ ಮೊಬೈಲ್ ಸಿಗ್ನಲ್ ಇಲ್ಲದೆ 9:20ಕ್ಕೆ ತಲುಪಿತು. ಸುದ್ದಿ ತಲುಪಿದ ಹೊತ್ತನ್ನೇ ನಂಬುವ ಸ್ಟ್ರೀಮ್ ಕೋಡ್ ‘ಎರಡು’ ಎನ್ನುತ್ತದೆ. ರಾತ್ರಿ ಎಲ್ಲವನ್ನೂ ಘಟನೆಯ ಸಮಯದಂತೆ ಜೋಡಿಸಿಕೊಳ್ಳುವ ಬ್ಯಾಚ್ ‘ಒಂದು’ ಎನ್ನುತ್ತದೆ. ನಿನ್ನೆ ಕಂಡ ಸಂಖ್ಯೆ ಬೆಳಗಾಗುವಷ್ಟರಲ್ಲಿ ಇಳಿದಿದ್ದರೆ, ಎರಡು ಕೋಡ್‌ಗಳು ಬೇರೆ ಬೇರೆ ಮಾತಾಡುತ್ತಿವೆ ಎಂದೇ ಅರ್ಥ.

ಕಾಫ್ಕಾ ರೂಪಿಸಿದವರಲ್ಲಿ ಒಬ್ಬರಾದ ಜೇ ಕ್ರೆಪ್ಸ್ 2014ರಲ್ಲಿ ಇದನ್ನೇ ಪ್ರಶ್ನಿಸಿದರು. ಅವರು ಮುಂದಿಟ್ಟ ಕಪ್ಪಾದಲ್ಲಿ ಕೋಡ್ ಒಂದೇ. ಎಲ್ಲ ಘಟನೆಗಳೂ ಕಾಫ್ಕಾದ ಲಾಗ್‌ನಲ್ಲಿ ಬಂದ ಕ್ರಮದಲ್ಲಿ ಉಳಿದಿರುತ್ತವೆ. ನಿಯಮ ಬದಲಾದರೆ ಹೊಸ ಕೋಡನ್ನು ಲಾಗ್‌ನ ಆರಂಭದಿಂದ ಓಡಿಸಿ, ಫಲಿತಾಂಶವನ್ನು ಹೊಸ ಟೇಬಲ್‌ಗೆ ಬರೆಸುತ್ತಾರೆ. ಅದು ವರ್ತಮಾನವನ್ನು ಮುಟ್ಟಿದ ಮೇಲೆ ಓದುಗರನ್ನು ಅತ್ತ ತಿರುಗಿಸಿ ಹಳೆಯದನ್ನು ಅಳಿಸುತ್ತಾರೆ. ಫ್ಲಿಂಕ್‌ನಂಥ ವ್ಯವಸ್ಥೆಗಳು ಘಟನೆಯ ಸಮಯವನ್ನೇ ಹಿಡಿದು ಎಣಿಸಲು ಕಲಿತ ಮೇಲೆ, ತಿದ್ದಲು ಬ್ಯಾಚ್ ಬೇಕೇಬೇಕು ಎಂಬ ವಾದವೂ ಸಡಿಲವಾಯಿತು.

ಪ್ರೊಫೈಲ್ ನೋಡಿದವರ ಪಟ್ಟಿ ತೋರಿಸುವ ಇದೇ ಸೌಲಭ್ಯವನ್ನು ಲ್ಯಾಂಬ್ಡಾದಿಂದ ಹೊರತಂದದ್ದನ್ನು ಲಿಂಕ್ಡ್‌ಇನ್ ಎಂಜಿನಿಯರ್‌ಗಳು 2020ರಲ್ಲಿ ವಿವರಿಸಿದರು. ಒಂದೇ ಬದಲಾವಣೆಯನ್ನು ಎರಡು ಕಡೆ ಬರೆದು, ಎರಡು ಕಡೆ ಪರೀಕ್ಷಿಸುವ ಹೊರೆಯೇ ಅವರನ್ನು ಕಾಡಿತ್ತು.

ಹಾಗೆಂದು ಕಪ್ಪಾ ಪುಕ್ಕಟೆಯಲ್ಲ. ಮೂವತ್ತು ದಿನದ ಲಾಗನ್ನು ಹತ್ತು ಪಟ್ಟು ವೇಗದಲ್ಲಿ ಓದಿದರೂ, ಈ ನಡುವೆ ಹೊಸ ಘಟನೆಗಳು ಬರುತ್ತಲೇ ಇರುವುದರಿಂದ ಮೂರು ದಿನಕ್ಕಿಂತ ಹೆಚ್ಚೇ ಬೇಕು. ಅಷ್ಟೂ ಹೊತ್ತು ಎರಡು ಟೇಬಲ್‌ಗಳಿಗೆ ಜಾಗ ಕೊಡಬೇಕು. ಕಾಫ್ಕಾ ತಾನಾಗಿ ಉಳಿಸಿಕೊಳ್ಳುವುದು ಏಳು ದಿನದ್ದನ್ನು ಮಾತ್ರ. ವರ್ಷಗಳ ಇತಿಹಾಸ ಬೇಕಿದ್ದರೆ ಅಗ್ಗದ ಸಂಗ್ರಹದಲ್ಲಿಟ್ಟು ಅಲ್ಲಿಂದ ಮರುಓಡಿಸಬೇಕು. ಆದ್ದರಿಂದ ಎಚ್ಚರದ ತಂಡಗಳು ಹಳೆಯ ಬ್ಯಾಚನ್ನು ಒಮ್ಮೆಗೇ ನಿಲ್ಲಿಸುವುದಿಲ್ಲ. ಕೆಲವು ದಿನ ಎರಡನ್ನೂ ನಡೆಸಿ, ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸದ ಕಾರಣ ಸಿಕ್ಕ ಮೇಲೆ ಬ್ಯಾಚ್ ಕೋಡನ್ನು ಅಳಿಸುತ್ತವೆ.